ಕ್ಯಾಮರಾ ಬಾಗಿಲ ತನಕ ಮಾತ್ರ

(ಸಣ್ಣ ಸೇವಾ ಸಂಸ್ಥೆಗಳ ಕಾರ್ಯಕರ್ತರಿಗಾಗಿ ಕಾರವಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ದೇಣಿಗೆ ಕೇಳುವ ಒಂದೂವರೆ ನಿಮಿಷದ ಕಿರುಚಿತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡುವುದು ಎಂಬುದಷ್ಟೇ ಇವತ್ತಿನ ವಿಷಯ. ನೋಡಿದವರ ಮನಸ್ಸು ಕರಗಬೇಕು, ಆದರೆ ಅದಕ್ಕಾಗಿ ಯಾರ ಮಾನವನ್ನೂ ಅಡವಿಡಬಾರದು. ಇವೆರಡೂ ಒಟ್ಟಿಗೆ ಆಗುತ್ತವೆ. ಆದರೆ ತಾವಾಗಿಯೇ ಆಗುವುದಿಲ್ಲ.

ಇಂಥ ಚಿತ್ರಗಳಿಗೆ ಒಂದು ಸಿದ್ಧ ಅಡುಗೆ ಇದೆ, ನೀವೆಲ್ಲ ಮೊಬೈಲಿನಲ್ಲಿ ಉಂಡದ್ದೇ. ಬಣ್ಣ ತೆಗೆದ ದೃಶ್ಯ, ನಿಧಾನಗತಿ, ಹಿಂದೆ ಅಳುವ ಪಿಟೀಲು, ಮುಖದ ಹತ್ತಿರ ಹತ್ತಿರ ಹೋಗುವ ಕ್ಯಾಮರಾ, ಕಣ್ಣಿನ ನೀರು ಕೆನ್ನೆಗೆ ಇಳಿಯುವ ಹೊತ್ತಿಗೆ ಖಾತೆ ನಂಬರು. ಹಣ ಬರುವುದಿಲ್ಲ ಎಂದು ನಾವು ಹೇಳುವುದಿಲ್ಲ, ಬರುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಅದರ ಬೆಲೆ ಬೇರೆ. ದೊಡ್ಡ ಊರಿನಲ್ಲಿ ಆ ಮುಖ ಯಾರದೋ. ಇಲ್ಲಿ ಸಂಜೆ ಹಾಕಿದ ವೀಡಿಯೋ ರಾತ್ರಿಯೊಳಗೆ ಆ ಹೆಂಗಸಿನ ತವರುಮನೆಗೆ, ಮಗಳನ್ನು ಕೊಟ್ಟ ಮನೆಗೆ, ಸೊಸೈಟಿಯ ಗುಮಾಸ್ತರಿಗೆ ತಲುಪಿರುತ್ತದೆ. ಮರುದಿನ ಅಂಕೋಲೆಯ ಪೇಟೆಯಲ್ಲಿ ಮೀನು ಕೊಳ್ಳುವಾಗ ಅವಳನ್ನು ಜನ ಹೇಗೆ ನೋಡುತ್ತಾರೆ ಎನ್ನುವುದನ್ನು ನಮ್ಮ ಚಿತ್ರ ತೀರ್ಮಾನಿಸಿಬಿಟ್ಟಿರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಜೋಯಿಡಾ ಕಡೆಯ ಹಳ್ಳಿಗಳಿಂದ ಅಣಶಿ ಘಟ್ಟ ಇಳಿಸಿ, ಕದ್ರಾ ದಾಟಿಸಿ, ಕಾರವಾರದ ಆಸ್ಪತ್ರೆಗೆ ಡಯಾಲಿಸಿಸ್ ರೋಗಿಗಳನ್ನು ಕರೆತಂದು ವಾಪಸ್ ಬಿಡುವ ಒಂದು ಪುಟ್ಟ ಟ್ರಸ್ಟು. ಒಂದೇ ಗಾಡಿ, ಒಬ್ಬ ಚಾಲಕ. ಇದು ನಾವು ಲೆಕ್ಕಕ್ಕಾಗಿ ಕಟ್ಟಿಕೊಂಡ ಟ್ರಸ್ಟು, ಆದರೆ ಅದರ ಹಿಂದಿನ ಸಂಗತಿಗಳು ನಿಜ. ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ ಡಯಾಲಿಸಿಸ್ ಬೇಕು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿನವರಿಗೆ ಚಿಕಿತ್ಸೆ ಉಚಿತ. ಉಚಿತವಲ್ಲದ್ದು ರಸ್ತೆ. ಚಿತ್ರ ತೋರಿಸಬೇಕಾದದ್ದು ಈ ಒಂದು ಸಂದು. ಚಿಕಿತ್ಸೆ ಇದೆ, ಅಲ್ಲಿಗೆ ಹೋಗುವುದಕ್ಕೆ ದಾರಿಖರ್ಚಿಲ್ಲ. ನೋಡುವವರಿಗೆ ಇದು ಅರ್ಥವಾದರೆ ಅರ್ಧ ಕೆಲಸ ಮುಗಿಯಿತು. ಕಾಯಿಲೆಯ ಭೀಕರತೆ ತೋರಿಸಿದರೆ ಈ ಸಂದು ಮುಚ್ಚಿಹೋಗುತ್ತದೆ. ಜನ ಮರುಗುತ್ತಾರೆ, ಆದರೆ ತಮ್ಮ ಹಣ ಎಲ್ಲಿ ಹೋಗಿ ಕೂರುತ್ತದೆಂದು ತಿಳಿಯದೆ ಉಳಿಯುತ್ತಾರೆ.

ಆದ್ದರಿಂದ ಕ್ಯಾಮರಾ ಮುಟ್ಟುವ ಮೊದಲು ಲೆಕ್ಕದ ಪುಸ್ತಕ. ಹೋಗಿ ಬರುವ ದಾರಿ 132 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಘಟ್ಟದಲ್ಲಿ ಗಾಡಿ ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ 11 ಲೀಟರ್ ಇಂಧನ. ಲೀಟರಿಗೆ 100 ರೂಪಾಯಿ ಹಿಡಿದರೆ 1100. ಚಾಲಕರ ದಿನದ ಸಂಬಳ 500. ಟೈರು, ವಿಮೆ, ರಿಪೇರಿಗೆ ಎತ್ತಿಡುವುದು 200. ಒಂದು ಓಡಾಟಕ್ಕೆ 1800 ರೂಪಾಯಿ. ನಾಲ್ಕು ಜನ ಕೂತರೆ ಒಂದು ಸೀಟಿಗೆ 450. ಇಲ್ಲೇ ಮೊದಲ ಪ್ರಾಮಾಣಿಕತೆಯ ಪರೀಕ್ಷೆ ಬರುತ್ತದೆ. 450 ಎಂಬ ಸಂಖ್ಯೆ ಕೇಳಲು ಚೆಂದ, ಕೊಡುವವರಿಗೆ ಹಗುರ. ಆದರೆ ಒಬ್ಬರು ಬಾರದ ದಿನ ಅದೇ ಸೀಟು 600 ಆಗುತ್ತದೆ, ಯಾಕೆಂದರೆ ಗಾಡಿ ಹೇಗೂ ಹೊರಡಬೇಕು. ನಮ್ಮ ಅಭಿಪ್ರಾಯದಲ್ಲಿ ಚಿತ್ರದಲ್ಲಿ ಹೇಳಬೇಕಾದ್ದು 1800. 450 ಕೊಡುವವರು ಆ ಓಡಾಟದ ಕಾಲುಪಾಲು ಹೊರುತ್ತಾರೆ ಎಂದರೆ ಸಾಕು. "ನಿಮ್ಮ 450 ರೂಪಾಯಿ ಈ ಅಮ್ಮನ ಜೀವ ಉಳಿಸುತ್ತದೆ" ಎಂಬ ವಾಕ್ಯ ಎರಡು ಕಡೆ ಸುಳ್ಳು. ಜೀವ ಉಳಿಸುವುದು ಡಯಾಲಿಸಿಸ್, ನಾವು ಒಯ್ಯುವುದು ಮಾತ್ರ. ಜೊತೆಗೆ ಆ ಹಣ ಅವರೊಬ್ಬರಿಗೇ ಸಲ್ಲುವುದಿಲ್ಲ, ನಾಲ್ವರ ಓಡಾಟದಲ್ಲಿ ಬೆರೆಯುತ್ತದೆ. ಹೀಗೆ ಒಬ್ಬರ ಹೆಸರಿನಲ್ಲಿ ಹಣ ಕೇಳಿದರೆ ಅದು ಅವರಿಗೇ ಮೀಸಲು ಎಂದು ಕೊಟ್ಟವರು ತಿಳಿಯುತ್ತಾರೆ. ಕೇಳಿದಾಗ ನಿಮ್ಮ ಲೆಕ್ಕದಲ್ಲಿ ಉತ್ತರ ಇರುವುದಿಲ್ಲ.

ಹಾಗಾದರೆ ಒಬ್ಬರ ಮುಖವೇ ಬೇಡವೇ? ಬೇಕು. 2007ರಲ್ಲಿ ಅಮೆರಿಕದ ಸಂಶೋಧಕರಾದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿ ಹೇಳುವಂಥದ್ದು. ಹಸಿವಿನ ಬಗ್ಗೆ ಒಬ್ಬ ಹುಡುಗಿಯ ಕತೆ ಓದಿದವರು, ಲಕ್ಷಾಂತರ ಜನರ ಅಂಕಿಅಂಶ ಓದಿದವರಿಗಿಂತ ಹೆಚ್ಚು ಕೊಟ್ಟರು. ನಮಗೆ ಹೆಚ್ಚು ಮುಖ್ಯವಾದದ್ದು ಮೂರನೇ ಗುಂಪು. ಹುಡುಗಿಯ ಕತೆಯ ಜೊತೆಗೆ ಅಂಕಿಅಂಶವನ್ನೂ ಓದಿದವರ ಕೊಡುಗೆ ಇಳಿಯಿತು. ಇದನ್ನು ಹಿಡಿದುಕೊಂಡು ಅಳುವ ಮುಖವೇ ಬೇಕೆಂದು ವಾದಿಸುವವರಿದ್ದಾರೆ. ಒಬ್ಬ ವ್ಯಕ್ತಿ ಕಣ್ಣೆದುರಿಗಿದ್ದರೆ ಜನ ಕೊಡುತ್ತಾರೆ ಎಂಬುದಷ್ಟೇ ಅಲ್ಲಿ ಕಂಡದ್ದು. ಆ ವ್ಯಕ್ತಿ ಅಳುತ್ತಿರಲೇಬೇಕು ಎಂದು ಅದು ಹೇಳುವುದಿಲ್ಲ. ಇದರಿಂದ ನಾವು ತೆಗೆದುಕೊಳ್ಳುವ ಪಾಠ ಇಷ್ಟು. ಒಬ್ಬರೇ ಇರಲಿ, ಸಂಖ್ಯೆ ಒಂದೇ ಇರಲಿ, ಆ ಸಂಖ್ಯೆ ರಾಜ್ಯದ ಕಿಡ್ನಿ ರೋಗಿಗಳ ಎಣಿಕೆಯಾಗದೆ 1800 ಆಗಲಿ.

ಈಗ ಆ ಒಬ್ಬರು ಯಾರು? ಅತಿ ಕಷ್ಟದಲ್ಲಿರುವವರನ್ನು ಹುಡುಕುವುದು ಮೊದಲ ತಪ್ಪು. ಆ ವಾರವಷ್ಟೇ ಡಯಾಲಿಸಿಸ್ ಶುರುವಾದ ಮನೆಯವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಅದು ಒಪ್ಪಿಗೆಯಲ್ಲ, ಗಾಬರಿ. ಒಂದು ವರ್ಷವಾದರೂ ಗಾಡಿಯಲ್ಲಿ ಓಡಾಡಿ ಕಾಯಿಲೆಯ ಲಯಕ್ಕೆ ಹೊಂದಿಕೊಂಡವರು ಬೇಕು. ತಮ್ಮ ದಿನದ ಬಗ್ಗೆ ಅವರು ಅಧಿಕಾರದಿಂದ ಮಾತಾಡಬಲ್ಲರು, ಬೇಡ ಎನ್ನಲೂ ಬಲ್ಲರು. ನಮ್ಮ ಉದಾಹರಣೆಯಲ್ಲಿ 52 ವರ್ಷದ ಒಬ್ಬ ಹೆಂಗಸು ಎಂದುಕೊಳ್ಳೋಣ. ಎರಡು ಎಮ್ಮೆ, ಸ್ವಲ್ಪ ಅಡಿಕೆ ತೋಟ, ಮನೆಗೂ ರಸ್ತೆಗೂ ನಡುವೆ ಒಂದು ಕಾಲುಸಂಕ.

ಒಪ್ಪಿಗೆ ಕೇಳಲು ಗಾಡಿಯ ಚಾಲಕರೂ ಹೋಗಬಾರದು, ಟ್ರಸ್ಟಿನ ಅಧ್ಯಕ್ಷರೂ ಹೋಗಬಾರದು. ಉಪಕಾರ ಮಾಡಿದವರು ಕೇಳಿದರೆ ಇಲ್ಲ ಎನ್ನುವುದು ನಮ್ಮ ಕಡೆಯ ಜನಕ್ಕೆ ಬಲು ಕಷ್ಟ. ಅವರಿಗೆ ಪರಿಚಯವಿದ್ದು ಟ್ರಸ್ಟಿನ ಹಂಗಿಲ್ಲದ ಯಾರಾದರೂ ಕೇಳಲಿ, ಆಶಾ ಕಾರ್ಯಕರ್ತೆಯೋ ಅಂಗನವಾಡಿಯ ಟೀಚರೋ. ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲೇ ಕೇಳಬೇಕು. ಡಯಾಲಿಸಿಸ್ ಮುಗಿಸಿ ಬಂದ ದಿನ ಕೇಳಬಾರದು. ಅವತ್ತು ಮೈ ಸೋತಿರುತ್ತದೆ, ರಕ್ತದೊತ್ತಡ ಇಳಿದಿರಬಹುದು, ತಲೆ ನಿಲ್ಲುವುದಿಲ್ಲ. ಹೇಳಬೇಕಾದ ಮೊದಲ ಮಾತು ಇದು: "ಅಕ್ಕಾ, ನೀವು ವೀಡಿಯೋದಲ್ಲಿ ಬರೂದು ಬೇಡ ಅಂದ್ರೂ ಗಾಡಿ ಬರೂದು ನಿಲ್ಲೂದಿಲ್ಲ. ಹೂಂ ಅಂದ್ರೂ ಮುಂದಿನ ಸೀಟು ಸಿಕ್ಕೂದಿಲ್ಲ." ಎರಡನೆಯದು ಇನ್ನೂ ಕಷ್ಟದ್ದು: "ನಾವು ಯೂಟ್ಯೂಬಿಂದ ತೆಗೀಬಹುದು. ಆದ್ರೆ ಒಂದ್ಸಲ ವಾಟ್ಸಾಪಿಗೆ ಹೋದ್ಮೇಲೆ ವಾಪಸ್ ತರೂಕೆ ನಮ್ಮ ಕೈಲಿ ಆಗೂದಿಲ್ಲ." ಇದನ್ನು ಮುಚ್ಚಿಟ್ಟು ಪಡೆದ ಸಹಿಗೆ ಬೆಲೆಯಿಲ್ಲ. ಮೂರು ದಿನ ಬಿಟ್ಟು ಮತ್ತೆ ಕೇಳಿ, ಆಗ ಬರೆಸಿಕೊಳ್ಳಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ಒಪ್ಪಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಪ್ಪಿಗೆಗೆ ಅವಧಿ ಇರಲಿ, ಒಂದು ವರ್ಷ ಸಾಕು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರ ಮುಖ ಈ ಚಿತ್ರಕ್ಕೆ ಬೇಕಿಲ್ಲ.

ಚಿತ್ರೀಕರಣಕ್ಕೆ ಎರಡು ದಿನ ಸಾಕು, ಆದರೆ ಅವು ಬೇರೆ ಬೇರೆ ದಿನಗಳಾಗಬೇಕು. ಮಾತಿನ ಭಾಗವನ್ನು ಡಯಾಲಿಸಿಸ್ ಇಲ್ಲದ ದಿನ ಮನೆಯಲ್ಲಿ ತೆಗೆಯಿರಿ. ಪ್ರಯಾಣದ ದಿನ ಏನೂ ಕೇಳದೆ ಹಿಂದೆ ಹಿಂದೆ ಹೋಗಿ. ಕ್ಯಾಮರಾ ಕೂತವರ ಕಣ್ಣಿನ ಮಟ್ಟಕ್ಕೆ ಇರಲಿ. ಅವರು ಜಗಲಿಯಲ್ಲಿ ಚಾಪೆಯ ಮೇಲೆ ಕೂತರೆ ನೀವೂ ನೆಲದಲ್ಲಿ ಕೂರಿ. ನಿಂತು ಕೆಳಗೆ ನೋಡಿ ತೆಗೆದ ಮುಖ ಯಾರದ್ದೇ ಆದರೂ ಬೇಡುವ ಮುಖದಂತೆ ಕಾಣುತ್ತದೆ. ಮೊಬೈಲಿನಲ್ಲೇ ತೆಗೆಯುವುದಾದರೆ ಒಂದೂವರೆ ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು ಎದೆಯಿಂದ ಮೇಲೆ ಬರುವಂತೆ ನೋಡಿಕೊಳ್ಳಿ. ಮಾತಿನ ಮಧ್ಯೆ ಜೂಮ್ ಮಾಡಬೇಡಿ. ನೋಡುವವರಿಗೆ "ಈಗ ಅಳು ಬರುತ್ತದೆ, ಗಮನಿಸಿ" ಎಂದು ಕಿವಿಯಲ್ಲಿ ಹೇಳಿದ ಹಾಗೆ ಅದು.

ಪ್ರಶ್ನೆಗಳ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಲ್ಲ ಕೆಡುವುದು ಇಲ್ಲೇ. "ಕಾಯಿಲೆ ಅಂತ ಗೊತ್ತಾದಾಗ ಹೇಗನ್ನಿಸ್ತು?" ಎಂದು ಕೇಳಿದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ಅದು ಪ್ರಶ್ನೆಯಲ್ಲ, ಗಾಯ ಕೆದಕುವುದು. ಅದರಿಂದ ಗಾಡಿಯ ಅಗತ್ಯದ ಬಗ್ಗೆ ನೋಡುವವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಬದಲಿಗೆ ಕೆಲಸದ ಪ್ರಶ್ನೆ ಕೇಳಿ. ಹೋಗುವ ದಿನ ಎಷ್ಟು ಗಂಟೆಗೆ ಏಳ್ತೀರಿ? ಎಮ್ಮೆ ಯಾರು ನೋಡ್ತಾರೆ? ಬುತ್ತಿಗೆ ಏನು ಕಟ್ಕೊಳ್ತೀರಿ? ಗಾಡಿ ಇಲ್ಲದಾಗ ಹೇಗೆ ಹೋಗ್ತಿದ್ರಿ, ಎಷ್ಟು ಸಲ ತಪ್ಪಿತ್ತು? ಡಯಾಲಿಸಿಸ್ ಇಲ್ಲದ ದಿನ ಏನು ಮಾಡ್ತೀರಿ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ರೋಗಿಯಲ್ಲದ ದಿನದ ಮನುಷ್ಯ ಅದರಿಂದಲೇ ಹೊರಬರುತ್ತಾನೆ.

ಇಂಥ ಪ್ರಶ್ನೆಗಳಿಂದ ಏನು ಸಿಗುತ್ತದೆಂದು ನೋಡಿ. ಡಯಾಲಿಸಿಸ್‌ನವರಿಗೆ ನೀರಿನ ಮಿತಿ ಇರುತ್ತದೆ, ದಿನಕ್ಕೆ ಇಷ್ಟೇ ಎಂದು ವೈದ್ಯರು ಹೇಳಿರುತ್ತಾರೆ. ಚಹಾ, ಮಜ್ಜಿಗೆ, ಸಾರು ಎಲ್ಲವೂ ಆ ಲೆಕ್ಕದಲ್ಲೇ ಬರಬೇಕು. ನಮ್ಮ ಕಡೆಯಾದರೋ ಮನೆ ಮೆಟ್ಟಿಲು ಹತ್ತಿದವರಿಗೆ ಮೊದಲ ಮಾತೇ "ಆಸರಿಗೆ ಎಂತ ಮಾಡಲಿ?" ಆ ಹೆಂಗಸು ಬಂದವರಿಗೆಲ್ಲ ದೊಡ್ಡ ಲೋಟದಲ್ಲಿ ಪಾನಕ ಕೊಟ್ಟು, ತಾನು ಮಾತ್ರ ಔಷಧದ ಅಳತೆ ಮುಚ್ಚಳದಷ್ಟು ಪುಟ್ಟ ಲೋಟದಲ್ಲಿ ಎರಡು ಗುಟುಕು ಕುಡಿಯುತ್ತಾಳೆ ಅಂದುಕೊಳ್ಳಿ. ಎರಡೂ ಲೋಟ ಒಂದೇ ತಟ್ಟೆಯಲ್ಲಿವೆ. ಆರು ಸೆಕೆಂಡಿನ ಈ ಶಾಟ್ ಮನಸ್ಸಿಗೆ ತಾಗುತ್ತದೆ. ಇಲ್ಲಿ ಅವಳು ಕೊಡುವವಳು, ಸತ್ಕರಿಸುವವಳು, ತನ್ನ ಶಿಸ್ತನ್ನು ತಾನೇ ಪಾಲಿಸುವವಳು. ಇದನ್ನು ನೀವು ಹೇಳಿ ಮಾಡಿಸಬಾರದು. ಅವರ ಮನೆಯಲ್ಲಿ ಹೀಗೆ ನಡೆಯದಿದ್ದರೆ ಆ ಶಾಟ್ ಇಲ್ಲ, ಬೇರೊಂದು ಇರುತ್ತದೆ. ಸಿಗಬೇಕಾದರೆ ಕ್ಯಾಮರಾ ತೆಗೆಯುವ ಮೊದಲು ಅರ್ಧ ದಿನ ಸುಮ್ಮನೆ ಕೂತಿರಬೇಕು.

ಕೇಳದೆಯೂ ಅಳು ಬಂದರೆ? ಕ್ಯಾಮರಾ ನಿಲ್ಲಿಸಿ, ಗುಂಡಿ ಒತ್ತಿದ್ದು ಅವರಿಗೆ ಕಾಣುವಂತೆ ನಿಲ್ಲಿಸಿ. ಅಷ್ಟರಲ್ಲಿ ದಾಖಲಾದದ್ದನ್ನು ಬಳಸಲೇಬಾರದೆಂದು ನಾವು ಹೇಳುವುದಿಲ್ಲ. ಕಣ್ಣೀರು ನಿಷಿದ್ಧ ವಸ್ತುವಲ್ಲ. ಬಳಸುವುದಾದರೆ ಎರಡು ಷರತ್ತು. ಆ ತುಣುಕನ್ನು ಅವರಿಗೇ ತೋರಿಸಿ ಬೇರೆಯಾಗಿ ಕೇಳಬೇಕು. ಮತ್ತೆ, ಅಳುವಿನ ಮೇಲೆ ಕತ್ತರಿಸಬಾರದು. ಅದಾದ ಮೇಲೆ ಅವರು ಕಣ್ಣೊರೆಸಿಕೊಂಡು ಆಡಿದ ಮಾತೂ ಇರಬೇಕು. ಮನುಷ್ಯರು ಅಳು ಮುಗಿಸಿ ಏನನ್ನಾದರೂ ಹೇಳುತ್ತಾರೆ, ಅನೇಕ ಸಲ ನಗುತ್ತಾರೆ. ಆ ಭಾಗ ತೆಗೆದರೆ ಉಳಿಯುವುದು ಮುಖವಷ್ಟೆ, ಮನುಷ್ಯ ಅಲ್ಲ.

ಪ್ರಯಾಣದ ದಿನ ಕತೆಯನ್ನು ಗಡಿಯಾರ ಹೇಳುತ್ತದೆ. ಬೆಳಗಿನ ಜಾವ 4.30, ಹಿತ್ತಲ ಬಲ್ಬು. ಟಾರ್ಚು ಹಿಡಿದು ಕಾಲುಸಂಕ ದಾಟುವುದು, ದಣಪೆ ಸರಿಸುವುದು. ಗಾಡಿಯ ಹೆಡ್‌ಲೈಟು. ಘಟ್ಟದ ತಿರುವು, ಎದುರಿನ ಸೀಟು ಹಿಡಿದ ಕೈ. ಕಾರವಾರದ ಬೆಳಕು. ಆಸ್ಪತ್ರೆಯ ಬಾಗಿಲು. ಕ್ಯಾಮರಾ ಅಲ್ಲಿಗೆ ನಿಲ್ಲುತ್ತದೆ. ಡಯಾಲಿಸಿಸ್ ಕೋಣೆಯೊಳಗೆ ಹೋಗಬೇಡಿ, ಅನುಮತಿ ಸಿಕ್ಕರೂ ಬೇಡ. ಪಕ್ಕದ ಹಾಸಿಗೆಯವರು ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಸೋಂಕಿನ ಭಯವೂ ಅಲ್ಲಿ ಸಣ್ಣದಲ್ಲ. ಸೂಜಿ ಚುಚ್ಚಿದ ತೋಳು, ರಕ್ತ ಹರಿಯುವ ನಳಿಗೆ ತೋರಿಸಿದರೆ ನೋಡುವವರು ಬೆಚ್ಚುತ್ತಾರೆ, ಕೆಲವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಇಷ್ಟಕ್ಕೂ ನಾವು ಹಣ ಕೇಳುತ್ತಿರುವುದು ಯಂತ್ರಕ್ಕಲ್ಲ.

ಬಾಗಿಲು ಮುಚ್ಚಿದ ಮೇಲೆ 4 ಗಂಟೆ ಹೊರಗೇ ಇರಿ. ಚಿತ್ರದ ಜೀವ ಇಲ್ಲಿದೆ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಚಾಲಕರು ಗಾಡಿಯ ಗಾಜು ಒರೆಸುತ್ತಾರೆ, ಹಿಂದಿನ ಸೀಟಿನಲ್ಲಿ ಮಡಚಿದ ಚಾದರ ಸರಿಮಾಡುತ್ತಾರೆ, ವಾಪಸ್ ಹೋಗುವಾಗ ಮಲಗಲು ಬೇಕಾಗುತ್ತದೆಂದು. ಸಮುದ್ರದ ಕಡೆಯಿಂದ ಗಾಳಿ. ಒಂದೇ ಕಡೆ ಟ್ರೈಪಾಡ್ ಇಟ್ಟು ಅದೇ ಚೌಕಟ್ಟನ್ನು 8, 9, 10, 11 ಗಂಟೆಗೆ ತೆಗೆಯಿರಿ. ನೆರಳು ಸರಿಯುತ್ತದೆ, ಗಾಡಿ ಅಲ್ಲೇ ಇರುತ್ತದೆ. ನಾಲ್ಕು ಶಾಟು, ಒಂದೊಂದು ಎರಡು ಸೆಕೆಂಡು. ಯಾರೋ ಒಬ್ಬರು ಕಾಯುತ್ತಿದ್ದಾರೆ ಎಂಬುದು ಮಾತಿಲ್ಲದೆ ಗೊತ್ತಾಗುತ್ತದೆ. ಕೊಡುವವರ ಹಣ ಹೋಗುವುದು ಈ ಕಾಯುವಿಕೆಗೇ ಆದ್ದರಿಂದ ಇಲ್ಲಿ ಹುಟ್ಟುವ ಭಾವ ಲೆಕ್ಕದ ಪುಸ್ತಕದೊಂದಿಗೆ ತಾಳೆಯಾಗುತ್ತದೆ.

ತಾಂತ್ರಿಕ ಸಂಗತಿಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇವೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟು ತೆಗೆಯುತ್ತದೆ. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ ಅಥವಾ ಬೆಳಕು ಮಿಡಿಯುತ್ತದೆ. 25 ಚೌಕಟ್ಟಿಗೆ ಇಟ್ಟು, ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡು ಮಾಡಿದರೆ ನಿಲ್ಲುತ್ತದೆ. ಇನ್ನೊಂದು ಶಬ್ದ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮಾತು ದಾಖಲಿಸುವ ಆಸೆ ಬಿಡಿ, ಒಳಕೋಣೆಗೆ ಹೋಗಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಸೀರೆಯ ಸೆರಗು, ಕರಿಮಣಿ ತಾಗದಂತೆ ನೋಡಿ. ಕಡಲ ಬದಿಯಲ್ಲಿ ಗಾಳಿಗೆ ತುಪ್ಪಳದ ಮುಚ್ಚಿಗೆ ಬೇಕೇ ಬೇಕು, ಸ್ಪಂಜು ಸಾಲದು. ಪ್ರತಿ ಜಾಗದಲ್ಲೂ ಯಾರೂ ಮಾತಾಡದ 30 ಸೆಕೆಂಡಿನ ಸದ್ದನ್ನು ಹಿಡಿದಿಟ್ಟುಕೊಳ್ಳಿ. ಸಂಕದ ಕೆಳಗಿನ ನೀರು, ಘಟ್ಟದಲ್ಲಿ ಗೇರು ಬದಲಿಸುವ ಸದ್ದು, ದಣಪೆಯ ಕಿರುಗುಟ್ಟುವಿಕೆ, ಇವು ಆಮೇಲೆ ಸಂಗೀತದ ಕೆಲಸ ಮಾಡುತ್ತವೆ.

ಎಡಿಟಿಂಗಿಗೆ ಕೂತಾಗ ಸುಳ್ಳು ತೀರಾ ಸುಲಭವಾಗಿ ನುಸುಳುತ್ತದೆ. ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಸಿನಿಮಾ ಕಲಿಯುವವರಿಗೆಲ್ಲ ಗೊತ್ತು. ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ, ನೋಡಿದವರು ಒಮ್ಮೆ ಹಸಿವು, ಒಮ್ಮೆ ದುಃಖ ಕಂಡರಂತೆ. ಮುಖ ಬದಲಾಗಿರಲಿಲ್ಲ. ನಮ್ಮ ಚಿತ್ರದಲ್ಲಿ ಆ ಹೆಂಗಸು ಅಂಗಳದಲ್ಲಿ ಕೂತು, ಎಮ್ಮೆ ಇನ್ನೂ ಬರಲಿಲ್ಲವಲ್ಲ ಎಂದು ಗುಡ್ಡದ ಕಡೆ ನೋಡಿದ ಶಾಟ್ ಇದೆ. ಅದನ್ನು ತಂದು ಆಸ್ಪತ್ರೆಯ ಚೀಟಿಯ ನಂತರ ಇಟ್ಟರೆ ಭವಿಷ್ಯದ ಚಿಂತೆಯಾಗಿ ಕಾಣುತ್ತದೆ. ಯಾರಿಗೂ ಗೊತ್ತಾಗದು, ಅವಳಿಗೆ ಮತ್ತು ಅವಳ ಮನೆಯವರಿಗೆ ಬಿಟ್ಟು. ಇದನ್ನು ತಡೆಯಲು ಪ್ರತಿ ಶಾಟಿಗೂ ಒಂದು ವಹಿ ಬರೆಯಿರಿ. ಫೈಲಿನ ಹೆಸರು, ದಿನ, ಹೊತ್ತು, ಆಗ ನಿಜಕ್ಕೂ ಏನು ನಡೆಯುತ್ತಿತ್ತು. ಮುಖದ ಶಾಟನ್ನು ಅದರ ಜಾಗದಿಂದ ಸರಿಸುವಾಗಲೆಲ್ಲ ಈ ವಹಿ ನೋಡಿ. ಗಾಡಿ, ರಸ್ತೆ, ಮರದ ಶಾಟುಗಳನ್ನು ಅತ್ತಿತ್ತ ಮಾಡಿದರೆ ಯಾರಿಗೂ ಅನ್ಯಾಯವಿಲ್ಲ. ಮುಖವನ್ನು ಮಾಡಬಾರದು. ನಿಧಾನಗತಿಯೂ ಹೀಗೆಯೇ. ಬೇಗ ಬೇಗ ನಡೆದವರನ್ನು ಅರ್ಧ ವೇಗಕ್ಕೆ ಇಳಿಸಿದರೆ ಅವರಿಗಿಲ್ಲದ ಆಯಾಸ ಬಂದುಬಿಡುತ್ತದೆ.

ಸಂಗೀತವನ್ನು ಕೊನೆಗೆ ಬಿಡಿ. ಮೊದಲು ಇಡೀ ಚಿತ್ರವನ್ನು ಸ್ಥಳದ ಸದ್ದು ಮತ್ತು ಮಾತಿನಲ್ಲೇ ಕಟ್ಟಿ, ಕೆಲಸಕ್ಕೆ ಸಂಬಂಧವಿಲ್ಲದ ಮೂವರಿಗೆ ತೋರಿಸಿ. ಎಲ್ಲಿ ಅವರ ಗಮನ ಜಾರಿತು ನೋಡಿ. ಅಲ್ಲಿ ಸಂಗೀತ ತುಂಬಬೇಕೆಂದು ಅನ್ನಿಸುತ್ತದೆ, ಆದರೆ ಬಹುಪಾಲು ಅಲ್ಲಿ ಕೊರತೆಯಿರುವುದು ಮಾಹಿತಿ. ಗಾಡಿ ಎಲ್ಲಿಗೆ ಹೋಗುತ್ತಿದೆ ಎಂದು ಇನ್ನೂ ಹೇಳಿರುವುದಿಲ್ಲ, ಅಥವಾ ಒಂದೇ ಸಂಗತಿಯನ್ನು ಎರಡು ಸಲ ಹೇಳಿರುತ್ತೀರಿ. ಅದನ್ನು ಸರಿಮಾಡಿದ ಮೇಲೂ ಸಂಗೀತ ಬೇಕೆನಿಸಿದರೆ ಪ್ರಯಾಣದ ಭಾಗಕ್ಕೆ ಹಾಕಿ, ಮಾತಿಗಿಂತ ಬಹಳ ಕೆಳಗೆ ಇರಲಿ, ದೇಣಿಗೆ ಕೇಳುವ ಮೊದಲೇ ನಿಲ್ಲಲಿ. ಕೇಳುವ ಕ್ಷಣಕ್ಕೆ ಸರಿಯಾಗಿ ಸಂಗೀತ ಏರಿದರೆ ನೋಡುವವರ ಕೈ ಹಿಡಿದು ಜೇಬಿಗೆ ಹಾಕಿದ ಹಾಗೆ. ಸಿನಿಮಾ ಹಾಡಿನ ತುಣುಕು ಹಾಕಿದರೆ ಹಕ್ಕಿನ ತಕರಾರಿನಿಂದ ಯೂಟ್ಯೂಬ್ ಚಿತ್ರವನ್ನೇ ತಡೆಯಬಹುದು.

ನಿರೂಪಣೆ ಬರೆಯುವಾಗ 90 ಸೆಕೆಂಡಿಗೆ ನೂರು ಪದ ದಾಟಬೇಡಿ. ಆ ಹೆಂಗಸೇ ಹೇಳಬಲ್ಲದ್ದನ್ನು ನಿರೂಪಕರ ಬಾಯಲ್ಲಿ ಹೇಳಿಸಬೇಡಿ. ನಿರೂಪಕರಿಗೆ ಉಳಿಯುವುದು ಲೆಕ್ಕ ಮಾತ್ರ. "ಚಿಕಿತ್ಸೆಗೆ ದುಡ್ಡಿಲ್ಲ. ಅಲ್ಲಿಗೆ ಹೋಗಿ ಬರಲು ನಾಲ್ಕು ಜನರಿಗೆ 1800 ರೂಪಾಯಿ." ಈ ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ. ಚಿಕಿತ್ಸೆ ಉಚಿತ ಎಂಬ ಅರ್ಥವೂ ಬರುತ್ತದೆ, ಚಿಕಿತ್ಸೆಗೆ ಹಣ ಸಾಲುತ್ತಿಲ್ಲ ಎಂಬ ಅರ್ಥವೂ ಬರುತ್ತದೆ. "ಡಯಾಲಿಸಿಸ್ ಸರ್ಕಾರದ ಖರ್ಚಿನಲ್ಲಿ ಆಗುತ್ತದೆ" ಎಂದು ತಿದ್ದಬೇಕು. ಇಂಥದ್ದು ಕಾಗದದಲ್ಲಿ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ.

ರಫ್ ಕಟ್, ಅಂದರೆ ಚಿತ್ರದ ಮೊದಲ ಕರಡು ಜೋಡಣೆ, ಸಿದ್ಧವಾದ ಕೂಡಲೇ, ಟ್ರಸ್ಟಿನವರು ನೋಡುವುದಕ್ಕೂ ಮೊದಲು, ಆ ಮನೆಗೆ ಹೋಗಿ ಅವರಿಗೆ ತೋರಿಸಿ. ಅವರ ಜೊತೆ ನೆರೆಮನೆಯವರೊಬ್ಬರು ಕೂತಿದ್ದರೆ ಒಳ್ಳೆಯದು, ಅವರೇ ಕರೆದವರಾಗಿರಬೇಕು. ಆಗ ಪರದೆಯನ್ನಲ್ಲ, ಅವರನ್ನು ನೋಡಿ. ಯಾವ ಶಾಟಿಗೆ ಕಣ್ಣು ಕೆಳಗಾಯಿತೋ ಅದು ಹೋಗಬೇಕು, ಬಾಯಿಬಿಟ್ಟು ಹೇಳುವ ತನಕ ಕಾಯಬೇಡಿ. ಕೆಲವು ಸಲ ಅವರು ಆಕ್ಷೇಪಿಸುವುದು ನಿಮಗೆ ಹೊಳೆದೇ ಇರದ ಸಂಗತಿ. ಹಿಂದೆ ಒಣಹಾಕಿದ ಬಟ್ಟೆ, ಗುಡಿಸದ ಅಂಗಳ. ಅದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಊರು ನೋಡುವುದು ಅದನ್ನೇ.

ಕೊನೆಯ 15 ಸೆಕೆಂಡಿನಲ್ಲಿ ಭಾವ ಬೇಡ, ವಿವರ ಬೇಕು. ಎಷ್ಟು ಬೇಕು, ಯಾವುದಕ್ಕೆ, ಯಾವಾಗಿನ ತನಕ. ನಮ್ಮ ಲೆಕ್ಕದಲ್ಲಿ ವಾರಕ್ಕೆ 2 ಓಡಾಟ, 26 ವಾರ, ಅಂದರೆ 52 ಓಡಾಟಕ್ಕೆ 93,600 ರೂಪಾಯಿ. ಹೆಚ್ಚು ಬಂದರೆ ಏನು ಮಾಡುತ್ತೀರಿ ಎಂಬುದನ್ನೂ ಅಲ್ಲೇ ಒಂದು ಸಾಲಿನಲ್ಲಿ ಬರೆಯಿರಿ. ಎಲ್ಲರೂ ಮಾಡುವ ತಪ್ಪು ಕ್ಯೂಆರ್ ಕೋಡನ್ನು ವೀಡಿಯೋದೊಳಗೆ ಮಾತ್ರ ಇಡುವುದು. ಜನ ಚಿತ್ರ ನೋಡುವುದು ಯಾವ ಮೊಬೈಲಿನಲ್ಲೋ ಹಣ ಕಳಿಸುವುದೂ ಅದರಲ್ಲೇ. ತನ್ನ ಪರದೆಯನ್ನು ತಾನೇ ಸ್ಕ್ಯಾನ್ ಮಾಡಲು ಅದಕ್ಕೆ ಕ್ಯಾಮರಾ ತಿರುಗಿಸಲಾಗದು. ಸಭೆಯಲ್ಲಿ ದೊಡ್ಡ ಪರದೆಗೆ ಕ್ಯೂಆರ್ ಸರಿ. ವಾಟ್ಸಾಪಿಗೆ ಕಳಿಸುವಾಗ ಯುಪಿಐ ವಿಳಾಸವನ್ನು ನಕಲು ಮಾಡಿಕೊಳ್ಳಲು ಬರುವಂತೆ ವೀಡಿಯೋದ ಕೆಳಗೆ ಅಕ್ಷರದಲ್ಲಿ ಬರೆಯಿರಿ. ಅದು ಟ್ರಸ್ಟಿನ ಹೆಸರಿನ ಖಾತೆಯದ್ದಾಗಿರಬೇಕು, ಖಜಾಂಚಿಯ ಸ್ವಂತದ್ದಲ್ಲ. ಹಣ ಕಳಿಸುವಾಗ ಪರದೆಯಲ್ಲಿ ಬೇರೆ ಹೆಸರು ಬಂದರೆ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ, ಅವರು ನಿಲ್ಲುವುದು ಸರಿಯೂ ಹೌದು. ವಾಟ್ಸಾಪ್ ವೀಡಿಯೋವನ್ನು ಕುಗ್ಗಿಸುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಕಳಿಸುವ ಮೊದಲು ನಿಮಗೇ ಒಮ್ಮೆ ಕಳಿಸಿಕೊಂಡು ಓದಿ ನೋಡಿ.

ದೇಣಿಗೆಗೆ 80ಜಿ ಎಂದೇ ಹೆಸರಾದ ಆದಾಯ ತೆರಿಗೆ ರಿಯಾಯಿತಿ ಇದೆ ಎಂದು ಹಾಕುವುದಾದರೆ ಟ್ರಸ್ಟಿಗೆ ಆ ನೋಂದಣಿ ಚಾಲ್ತಿಯಲ್ಲಿರಬೇಕು. 2000 ರೂಪಾಯಿ ಮೀರಿದ ನಗದು ಕೊಡುಗೆಗೆ ಆ ರಿಯಾಯಿತಿ ಸಿಗದೆಂದೂ ಹೇಳಬೇಕು. ಇನ್ನೊಂದು ನಮ್ಮ ಕರಾವಳಿಗೇ ಹತ್ತಿರದ್ದು. ಚಿತ್ರ ದುಬೈಗೂ ಹೋಗುತ್ತದೆ, ಅಮೆರಿಕಕ್ಕೂ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಭಟ್ಕಳದ ಅಣ್ಣ ಗಲ್ಫಿನ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಶಿರಸಿಯ ಮಾವ ಕಳಿಸಿದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಸಣ್ಣ ಟ್ರಸ್ಟುಗಳು ಪ್ರೀತಿಯಿಂದ ಬಂದ ಹಣದಲ್ಲೇ ಸಿಕ್ಕಿಕೊಳ್ಳುವುದು ಇಲ್ಲಿ. ಆದ್ದರಿಂದ ವೀಡಿಯೋದ ಕೆಳಗೆ "ವಿದೇಶಿ ಪೌರತ್ವ ಇರುವವರು ದಯವಿಟ್ಟು ಕಳಿಸಬೇಡಿ" ಎಂಬ ಸಾಲು ಇರಲಿ.

ಈ ಬಗೆಯ ಚಿತ್ರಕ್ಕೆ ಮಿತಿಯೂ ಇದೆ. ಅಪರಿಚಿತರು ಒಂದೇ ರಾತ್ರಿಯಲ್ಲಿ ಸುರಿಯುವ ಹಣ ಇದರಿಂದ ಬರಲಿಕ್ಕಿಲ್ಲ. ಇದು ಕೆಲಸ ಮಾಡುವುದು ಮತ್ತೆ ಮತ್ತೆ ಕೊಡುವವರಲ್ಲಿ, ಹೀಗಾಗಿ ಅಳೆಯುವುದೂ ಹಾಗೆಯೇ. ಮೊದಲ ವಾರದ ಮೊತ್ತಕ್ಕಿಂತ, ಆರು ತಿಂಗಳ ನಂತರ ಎರಡನೇ ಸಲ ಕೊಟ್ಟವರು ಎಷ್ಟು ಮಂದಿ ಎಂದು ಬರೆದಿಡಿ. ತಿಂಗಳಿಗೊಮ್ಮೆ ಕೊಟ್ಟವರಿಗೆಲ್ಲ ಎರಡು ಸಾಲು ಕಳಿಸಿ. ಎಷ್ಟು ಓಡಾಟ ಆಯಿತು, ಎಷ್ಟು ತಪ್ಪಿತು, ಯಾಕೆ. ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದ ದಿನವನ್ನೂ ಬರೆಯಿರಿ.

ಕಡೆಯದಾಗಿ, ತಯಾರಿ ಇಲ್ಲದವರು ತಡವರಿಸುವ ಒಂದು ಸಂಗತಿ. ಡಯಾಲಿಸಿಸ್‌ನಲ್ಲಿರುವವರ ಆರೋಗ್ಯ ಯಾವಾಗ ಬೇಕಾದರೂ ಹದಗೆಡಬಹುದು. ಚಿತ್ರ ಓಡಾಡುತ್ತಿರುವಾಗಲೇ ಆ ಹೆಂಗಸು ತೀರಿಕೊಂಡರೆ ಏನು ಮಾಡಬೇಕೆಂದು ಒಪ್ಪಿಗೆಯ ದಿನವೇ ಮನೆಯವರೊಂದಿಗೆ ಮಾತಾಡಿ ಬರೆದಿಟ್ಟಿರಬೇಕು. ಹಾಗಾದ ದಿನ ಚಿತ್ರವನ್ನು ಕೂಡಲೇ ಇಳಿಸಿ. ಸೂತಕ ಕಳೆದ ಮೇಲೆ ಹೋಗಿ ಕೇಳಿ, ಮುಂದುವರಿಸುವುದೋ ಬೇಡವೋ ಅವರೇ ಹೇಳಲಿ. ಸಾವನ್ನು ಹೊಸ ಮನವಿಯಾಗಿ ಮಾಡಬೇಡಿ. ಯಾವ ಅವಘಡವೂ ಇಲ್ಲದೆ ವರ್ಷ ತುಂಬಿದರೂ, ಒಪ್ಪಿಗೆಯ ಅವಧಿ ಮುಗಿದ ದಿನ ಚಿತ್ರ ಇಳಿಯಬೇಕು. ಮತ್ತೆ ಬೇಕಾದರೆ ಮತ್ತೆ ಆ ಕಾಲುಸಂಕ ದಾಟಿ ಹೋಗಿ, ಮೊದಲಿನಿಂದ ಕೇಳಬೇಕು.